ಡೇಟಾ ಎರಡನೇ ಸಿಮ್‌ಗೆ ಹಾರುವುದು ಯಾಕೆ, ನಿಲ್ಲಿಸುವುದು ಹೇಗೆ?

ಪ್ರಶ್ನೆ: ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಎರಡು ಸಿಮ್ ಇವೆ. ಒಂದನೆಯದರಲ್ಲಿ ದಿನಕ್ಕೆ 2 ಜಿಬಿ ಪ್ಯಾಕ್ ಇದೆ. ಎರಡನೆಯದು ಹಳೇ ನಂಬರು, ಬ್ಯಾಂಕಿಗೆ ಕೊಟ್ಟಿರುವುದು. ಅದಕ್ಕೆ ಬರೀ ಕರೆಯ ಪ್ಯಾಕ್ ಹಾಕಿಸುತ್ತೇನೆ. ಡೇಟಾ ಒಂದನೇ ಸಿಮ್‌ಗೆ ಇಟ್ಟಿದ್ದರೂ ಎರಡನೆಯದಕ್ಕೆ ಹೋಗಿಬಿಡುತ್ತದೆ, ನೆಟ್ ನಿಲ್ಲುತ್ತದೆ. ಕೆಲವು ಸಲ ತಾನಾಗೇ ವಾಪಸ್ ಬರುತ್ತದೆ. ಕೆಲವು ಸಲ ನಾನೇ ಸೆಟ್ಟಿಂಗ್‌ಗೆ ಹೋಗಿ ಬದಲಾಯಿಸಬೇಕು. ಫೋನ್ ಹಾಳಾಗಿದೆಯಾ?
— ಓದುಗರು, ತೀರ್ಥಹಳ್ಳಿ

ಉತ್ತರ: ಕೆಲವು ಸಲ ತಾನಾಗೇ ವಾಪಸ್ ಬರುತ್ತದೆ, ಕೆಲವು ಸಲ ಬರುವುದಿಲ್ಲ ಎಂದು ಬರೆದಿದ್ದೀರಲ್ಲ, ಅದೇ ಇಲ್ಲಿ ಮುಖ್ಯ ಸುಳಿವು. ನಿಮ್ಮ ಫೋನಿನಲ್ಲಿ ಒಂದಲ್ಲ, ಎರಡು ಬೇರೆ ಬೇರೆ ತೊಂದರೆಗಳು ಇರುವಂತೆ ಕಾಣುತ್ತದೆ. ತಾನಾಗೇ ವಾಪಸ್ ಬರುವುದು ಒಂದು ಸೆಟ್ಟಿಂಗ್‌ನ ಕೆಲಸ. ಅಲ್ಲೇ ಉಳಿದುಬಿಡುವುದಕ್ಕೆ ಹೆಚ್ಚಾಗಿ ಸಿಮ್ ಕಾರ್ಡೋ ಅದನ್ನು ಕೂರಿಸುವ ಟ್ರೇಯೋ ಕಾರಣ. ಎರಡನ್ನೂ ಒಂದೇ ಎಂದುಕೊಂಡು ಹುಡುಕಿದರೆ ಒಂದನ್ನು ಸರಿ ಮಾಡಿದಾಗ ಇನ್ನೊಂದು ಉಳಿಯುತ್ತದೆ. "ಸೆಟ್ಟಿಂಗ್ ಬದಲಾಯಿಸಿದರೂ ಪ್ರಯೋಜನ ಇಲ್ಲ" ಅಂತ ಬೇಸರ ಆಗುತ್ತದೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮೊದಲು ಫೋನ್ ಒಳಗೆ ಏನು ನಡೆಯುತ್ತದೆ ಎಂದು ನೋಡೋಣ. ಬಹುತೇಕ ಎರಡು ಸಿಮ್‌ನ ಫೋನುಗಳಲ್ಲಿ ಎರಡೂ ಸಿಮ್ ತಮ್ಮ ತಮ್ಮ ಟವರಿಗೆ ಹಾಜರಿ ಹಾಕಿ ಕರೆಗೆ ಕಾಯುತ್ತಾ ಇರುತ್ತವೆ. ಇದಕ್ಕೆ ಡ್ಯುಯಲ್ ಸ್ಟ್ಯಾಂಡ್‌ಬೈ ಎನ್ನುತ್ತಾರೆ. ಆದರೆ ಇಂಟರ್ನೆಟ್ ಒಂದು ಹೊತ್ತಿಗೆ ಒಂದೇ ಸಿಮ್‌ನಲ್ಲಿ ಹರಿಯುತ್ತದೆ. ಯಾವುದರಲ್ಲಿ ಹರಿಯಬೇಕು ಎಂದು ನೀವು ಆರಿಸಿಟ್ಟದ್ದು ಡೀಫಾಲ್ಟ್ ಡೇಟಾ ಸಿಮ್. ಈ ಕ್ಷಣದಲ್ಲಿ ನಿಜವಾಗಿ ಹರಿಯುತ್ತಿರುವ ಸಿಮ್ ಯಾವುದು ಎಂದು ಫೋನ್ ಬೇರೆಯಾಗಿ ಲೆಕ್ಕ ಇಟ್ಟಿರುತ್ತದೆ. ಸಾಮಾನ್ಯವಾಗಿ ಎರಡೂ ಒಂದೇ ಇರುತ್ತವೆ. ಆದರೆ ನಿಮ್ಮ ಆಯ್ಕೆಯನ್ನು ಹಾಗೇ ಬಿಟ್ಟು, ಸ್ವಲ್ಪ ಹೊತ್ತಿಗೆ ಮಾತ್ರ ಇನ್ನೊಂದು ಸಿಮ್ ಬಳಸುವ ಅನುಮತಿ ಫೋನಿಗೆ ಇರಬಹುದು.

ಹಾಗಾಗಿ ಮುಂದಿನ ಸಲ ಡೇಟಾ ಹಾರಿದಾಗ ತಕ್ಷಣ ಬದಲಾಯಿಸಬೇಡಿ. ಒಂದು ನಿಮಿಷ ಸುಮ್ನೆ ನೋಡಿ. ಸೆಟ್ಟಿಂಗ್ಸ್ ತೆರೆದು ಸಿಮ್‌ಗಳ ಪುಟಕ್ಕೆ ಹೋಗಿ. ಗೂಗಲ್ ಪಿಕ್ಸೆಲ್‌ನಂಥ ಫೋನಿನಲ್ಲಿ ಅದು `Network & internet` ಒಳಗೆ `SIMs` ಎಂದಿರುತ್ತದೆ. ಸ್ಯಾಮ್‌ಸಂಗ್‌ನಲ್ಲಿ `Connections` ಒಳಗೆ `SIM manager`. ಅಲ್ಲಿ ಮೊಬೈಲ್ ಡೇಟಾ ಎದುರಿಗೆ ಯಾವ ಸಿಮ್ ಹೆಸರಿದೆ ನೋಡಿ. ಅಲ್ಲಿ ಒಂದನೇ ಸಿಮ್ ಇದ್ದೂ ನೆಟ್ ಎರಡನೆಯದರಲ್ಲಿ ನಡೆಯುತ್ತಿದ್ದರೆ ಅದು ತಾತ್ಕಾಲಿಕ ಹಾರಾಟ, ಸೆಟ್ಟಿಂಗ್‌ನ ಕೆಲಸ. ಅಲ್ಲೇ ಎರಡನೇ ಸಿಮ್ ಹೆಸರು ಬಂದು ಕೂತಿದ್ದರೆ ನಿಮ್ಮ ಆಯ್ಕೆಯೇ ಅಳಿಸಿಹೋಗಿದೆ ಎಂದರ್ಥ. ಅದಕ್ಕೆ ಕಾರಣವೇ ಬೇರೆ.

ನೆಟ್ ಯಾವುದರಲ್ಲಿ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ಮೇಲಿನ ಪಟ್ಟಿಯಲ್ಲಿ ಎರಡು ಸಿಗ್ನಲ್ ಗುರುತು ಇರುತ್ತವೆ. ಅದರಲ್ಲಿ 4ಜಿ ಅಥವಾ 5ಜಿ ಗುರುತಿನ ಪಕ್ಕ ಪುಟ್ಟ ಬಾಣಗಳು ಮಿಣುಕುವುದು ಡೇಟಾ ಇರುವ ಕಡೆ. ಎಲ್ಲ ಫೋನುಗಳಲ್ಲಿ ಈ ಬಾಣ ಕಾಣುವುದಿಲ್ಲ. ನೆಟ್ ಸ್ವಲ್ಪವಾದರೂ ಓಡುತ್ತಿದ್ದರೆ ವೈಫೈ ಆಫ್ ಮಾಡಿ, ಬ್ರೌಸರಿನಲ್ಲಿ `what is my ip` ಎಂದು ಹುಡುಕಿ, ಬರುವ ತಾಣಗಳಲ್ಲಿ ಒಂದನ್ನು ತೆರೆಯಿರಿ. ನೀವು ಯಾವ ಕಂಪನಿಯ ಜಾಲದಿಂದ ಬಂದಿದ್ದೀರಿ ಎಂದು ಅದು ಹೆಸರು ಸಮೇತ ತೋರಿಸುತ್ತದೆ. ಎರಡು ಸಿಮ್ ಬೇರೆ ಬೇರೆ ಕಂಪನಿಯದ್ದಾದರೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಈಗ ತಾತ್ಕಾಲಿಕವಾಗಿ ಹಾರುವ ವಿಷಯ. ಇದಕ್ಕೆ ಎರಡು ಸ್ವಿಚ್ ಇವೆ. ಇವನ್ನು ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲನೆಯದು ಸಿಗ್ನಲ್ ಹೋದಾಗ ಹಾರುವುದು. ಪಿಕ್ಸೆಲ್‌ನಲ್ಲಿ ಇದರ ಹೆಸರು `Automatic data switching`, ಸ್ಯಾಮ್‌ಸಂಗ್‌ನಲ್ಲಿ `Auto data switching`. ಬೇರೆ ಕಂಪನಿಗಳ ಫೋನಿನಲ್ಲಿ ಇದೇ ಕೆಲಸಕ್ಕೆ ಸ್ಮಾರ್ಟ್ ಎಂದೋ ಆಟೋ ಎಂದೋ ಸೇರಿಸಿದ ಬೇರೆ ಹೆಸರು ಇರುತ್ತದೆ. ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಜಾಗದಲ್ಲಿ `switch` ಎಂದು ಬರೆದರೆ ಸಾಮಾನ್ಯವಾಗಿ ಸಿಗುತ್ತದೆ. ಇದು ಆನ್ ಇದ್ದರೆ, ನಿಮ್ಮ ಒಂದನೇ ಸಿಮ್‌ಗೆ ಟವರ್ ಸಿಗದೆ ಹೋದಾಗ ಫೋನ್ ಡೇಟಾವನ್ನು ಎರಡನೆಯದಕ್ಕೆ ಕೊಡುತ್ತದೆ. ಒಂದನೆಯದು ಮತ್ತೆ ಗಟ್ಟಿಯಾಗಿ ಸಿಕ್ಕಿದ ಮೇಲೆ ವಾಪಸ್ ತರುತ್ತದೆ. ಹೊಸ ಆಂಡ್ರಾಯ್ಡ್‌ಗಳಲ್ಲಿ ಟವರ್ ಪೂರ್ತಿ ಹೋಗಬೇಕೆಂದೂ ಇಲ್ಲ. ಎರಡನೆಯದರ ಸಿಗ್ನಲ್ ಸಾಕಷ್ಟು ಜಾಸ್ತಿ ಚೆನ್ನಾಗಿದ್ದರೂ ಹಾರಬಹುದು.

ಈ ಸ್ವಿಚ್ ಹುಡುಕುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಡೇಟಾ ಇರುವುದು ಒಂದನೇ ಸಿಮ್‌ನಲ್ಲಿ ತಾನೇ ಎಂದು ಒಂದನೇ ಸಿಮ್‌ನ ಪುಟ ತೆರೆದು ಹುಡುಕುತ್ತಾರೆ, ಸಿಗುವುದಿಲ್ಲ. ಆಂಡ್ರಾಯ್ಡ್‌ನ ಹಲವು ಆವೃತ್ತಿಗಳಲ್ಲಿ ಅದು ಎರಡನೇ ಸಿಮ್‌ನ ಪುಟದಲ್ಲಿರುತ್ತದೆ. "ಈ ಸಿಮ್ ಅನ್ನು ಆಪತ್ತಿಗೆ ಬಳಸಬಹುದಾ" ಎಂದು ಕೇಳುವ ಸ್ವಿಚ್ ಅದು. ಹಾಗಾಗಿ ಡೇಟಾ ಇಲ್ಲದ ಸಿಮ್‌ನ ಪುಟದಲ್ಲಿ ಇರುವುದೇ ಸರಿ. ಆಂಡ್ರಾಯ್ಡ್ 15ರ ನಂತರ ಹಲವು ಫೋನುಗಳಲ್ಲಿ ಇದನ್ನು ಎರಡೂ ಸಿಮ್ ಕಾಣುವ ಮೊದಲ ಪುಟಕ್ಕೇ ತಂದಿದ್ದಾರೆ. ನಿಮ್ಮದು ಯಾವುದೇ ಇರಲಿ, ಮೊದಲ ಪುಟ ನೋಡಿ, ಅಲ್ಲಿಲ್ಲದಿದ್ದರೆ ಎರಡನೇ ಸಿಮ್‌ನ ಪುಟಕ್ಕೆ ಹೋಗಿ, ಆಫ್ ಮಾಡಿ.

ಮಲೆನಾಡಿನಲ್ಲಿ ಈ ಹಾರಾಟ ಬಯಲುಸೀಮೆಗಿಂತ ಜಾಸ್ತಿ ಕಾಣುವುದಕ್ಕೆ ಕಾರಣ ಇದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಬರುವಾಗ ಕಾಡು ಶುರುವಾದ ಮೇಲೆ ಒಂದು ತಿರುವಿನಲ್ಲಿ ಟವರ್ ಇರುತ್ತದೆ, ಮುಂದಿನ ತಿರುವಿನಲ್ಲಿ ಇರುವುದಿಲ್ಲ. ಮನೆಯಲ್ಲೂ ಅಷ್ಟೆ. ಜಗಲಿಯಲ್ಲಿ ಎರಡು ಕಡ್ಡಿ, ಅಡುಗೆಮನೆಯಲ್ಲಿ ಸೊನ್ನೆ. ಟವರ್ ಹೋಗಿ ಬಂದು ಆಗುವ ಇಂಥ ಜಾಗದಲ್ಲಿ ಪ್ರತಿ ಸಲವೂ ಡೇಟಾ ಹಾರುವ ಸಾಧ್ಯತೆ ಇರುತ್ತದೆ. ವಿಮಾನ ಮೋಡ್ ಹಾಕಿ ತೆಗೆದಾಗಲೂ ಹೀಗೇ. ಎರಡು ಸಿಮ್‌ಗಳಲ್ಲಿ ಯಾವುದಕ್ಕೆ ಮೊದಲು ಟವರ್ ಸಿಗುತ್ತದೋ ಅದಕ್ಕೆ ಡೇಟಾ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ತಾನಾಗೇ ಸರಿಯಾಗಬಹುದು. ನಿಮ್ಮ ಊರಿನಲ್ಲಿ 5ಜಿ ಬಂದೂ ಬಾರದ ಹಾಗೆ ಇದ್ದರೆ, ಒಂದನೇ ಸಿಮ್‌ನ ಪುಟದಲ್ಲಿ `Preferred network type` ಅನ್ನು 4ಜಿಗೆ ಇಡಿ. 5ಜಿ ಹಿಡಿದು ಬಿಡುವ ಒದ್ದಾಟ ತಪ್ಪುತ್ತದೆ, ಸಂಪರ್ಕ ಒಂದೇ ಕಡೆ ನಿಲ್ಲುತ್ತದೆ.

ಎರಡನೇ ಸ್ವಿಚ್ ಕರೆಯ ಹೊತ್ತಿನದು. ಹಳೆಯ ಹಲವು ಆಂಡ್ರಾಯ್ಡ್‌ಗಳಲ್ಲಿ ಇದರ ಹೆಸರು `Data during calls`. ಇದೂ ಎರಡನೇ ಸಿಮ್‌ನ ಪುಟದಲ್ಲೇ ಇರುತ್ತದೆ. ನೀವು ಒಂದನೇ ಸಿಮ್‌ನಲ್ಲಿ ವಿಡಿಯೋ ನೋಡುತ್ತಿದ್ದೀರಿ, ಬ್ಯಾಂಕಿನವರು ಎರಡನೇ ನಂಬರಿಗೆ ಕರೆ ಮಾಡುತ್ತಾರೆ ಎಂದುಕೊಳ್ಳಿ. ಬಹುತೇಕ ಫೋನುಗಳಲ್ಲಿ ಮಾತಾಡಲು ರೇಡಿಯೋ ಪೂರ್ತಿ ಎರಡನೇ ಸಿಮ್‌ಗೆ ಹೋಗಬೇಕು. ಆಗ ಒಂದನೇ ಸಿಮ್‌ನ ಡೇಟಾ ನಿಲ್ಲುತ್ತದೆ. ಈ ಸ್ವಿಚ್ ಆನ್ ಇದ್ದರೆ ಫೋನ್ ಕರೆ ಮುಗಿಯುವ ತನಕ ಡೇಟಾವನ್ನೂ ಎರಡನೇ ಸಿಮ್‌ಗೇ ಕೊಡುತ್ತದೆ, ಮುಗಿದ ಮೇಲೆ ಕೆಲವೇ ಸೆಕೆಂಡಿನಲ್ಲಿ ವಾಪಸ್ ತರುತ್ತದೆ. ಕರೆ ಬಂದಾಗಲೇ ಹಾರುತ್ತದೆ, ಇಟ್ಟ ಮೇಲೆ ಸರಿಯಾಗುತ್ತದೆ ಎಂದಾದರೆ ಕಾರಣ ಇದೇ.

ನಿಮ್ಮ ಎರಡನೇ ಸಿಮ್‌ನಲ್ಲಿ ಕರೆಯ ಪ್ಯಾಕ್ ಮಾತ್ರ ಇದೆಯಲ್ಲ. ಹಾಗಾಗಿ ನಿಮಗೆ ಎರಡು ಸ್ವಿಚ್‌ಗಳೂ ಬೇಡ, ಎರಡನ್ನೂ ಆಫ್ ಮಾಡಿ. ಅದಕ್ಕೆ ಒಂದು ಬೆಲೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಎರಡನೇ ನಂಬರಿನಲ್ಲಿ ಮಾತಾಡುವಾಗ ನೆಟ್ ಇರುವುದಿಲ್ಲ. ಒಂದನೇ ಸಿಮ್‌ಗೆ ಟವರ್ ಇಲ್ಲದ ಜಾಗದಲ್ಲೂ ಇರುವುದಿಲ್ಲ. ಡೇಟಾ ಇಲ್ಲದ ಸಿಮ್‌ಗೆ ಹಾರಿದ್ದರೂ ಅದೇ ಗತಿ ಆಗಿತ್ತು ಅಲ್ವಾ? ನೀವು ಕಳೆದುಕೊಳ್ಳುವುದು ಏನೂ ಇಲ್ಲ.

ಎರಡೂ ಸಿಮ್‌ನಲ್ಲಿ ಡೇಟಾ ಪ್ಯಾಕ್ ಇದ್ದು, ದಿನಾ ಬಸ್ಸಿನಲ್ಲೋ ರೈಲಿನಲ್ಲೋ ಓಡಾಡುವವರಿಗೆ ನನ್ನ ಸಲಹೆ ಬೇರೆ. ಅವರು ಮೊದಲ ಸ್ವಿಚ್ ಆನ್ ಇಟ್ಟುಕೊಳ್ಳಲಿ. ಆದರೆ ಫೋನ್ ನೋಡುವುದು ಟವರ್ ಮತ್ತು ಸಿಗ್ನಲ್ ಅನ್ನು, ನಿಮ್ಮ ಪ್ಯಾಕ್ ಅನ್ನಲ್ಲ ಎನ್ನುವುದು ನೆನಪಿರಲಿ. ದಿನದ 2 ಜಿಬಿ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿದರೂ ಒಂದನೇ ಸಿಮ್‌ಗೆ ಟವರ್ ಇದ್ದೇ ಇರುತ್ತದೆ. ಫೋನಿನ ಲೆಕ್ಕದಲ್ಲಿ ಎಲ್ಲ ಸರಿಯಾಗಿದೆ, ಅದು ಹಾರುವುದಿಲ್ಲ. ಜಾತ್ರೆಯಲ್ಲಿ ಜನ ತುಂಬಿ ಕಡ್ಡಿ ಪೂರ್ತಿ ಇದ್ದೂ ನೆಟ್ ತೆವಳಿದರೂ ಹಾಗೇ. "ಬೇಕಾದಾಗ ಹಾರಲ್ಲ, ಬೇಡದಾಗ ಹಾರುತ್ತೆ" ಎಂದು ಜನ ಹೇಳುವುದು ಇದಕ್ಕೇ. ಅಂಥ ಹೊತ್ತಿನಲ್ಲಿ ಕೈಯಿಂದಲೇ ಬದಲಾಯಿಸಬೇಕು.

ಕರೆಯ ಸ್ವಿಚ್‌ಗೂ ಒಂದು ಮಿತಿ ಇದೆ. ಎರಡನೇ ಸಿಮ್‌ನ ಕರೆ 4ಜಿಯಲ್ಲೇ ನಡೆದರೆ, ಅಂದರೆ ವೋಲ್ಟಿಯಲ್ಲಿ, ಆ ಸಿಮ್‌ನ ಡೇಟಾ ಜೊತೆಗೆ ಓಡುತ್ತದೆ. ಸಿಗ್ನಲ್ ಸಾಲದೆ ಕರೆ 2ಜಿಗೆ ಇಳಿದರೆ ಡೇಟಾ ನಿಂತೇ ಹೋಗುತ್ತದೆ. ಸ್ವಿಚ್ ಆನ್ ಇದ್ದೂ ಪ್ರಯೋಜನ ಇಲ್ಲ.

ಈಗ ಎರಡನೇ ತೊಂದರೆಗೆ ಬರೋಣ. ವಾಪಸ್ ಬಾರದೆ ಅಲ್ಲೇ ಉಳಿಯುವುದು. ಇದನ್ನು ನಮ್ಮ ಅತ್ತಿಗೆಯ ಫೋನಿನ ಕಥೆ ಹೇಳಿ ವಿವರಿಸಿದರೆ ಸುಲಭ.

ಅವರದ್ದೂ ನಿಮ್ಮ ಹಾಗೇ, ಒಂದರಲ್ಲಿ ಡೇಟಾ, ಇನ್ನೊಂದು ಹಳೇ ನಂಬರು. ಮೇಲೆ ಹೇಳಿದ ಎರಡೂ ಸ್ವಿಚ್ ಆಫ್ ಮಾಡಿಕೊಟ್ಟೆ. ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಫೋನ್ ಮಾಡಿ, "ಮತ್ತೆ ಅದೇ ಕಥೆ ಕಣೋ, ನೀನು ಏನೂ ಮಾಡೇ ಇಲ್ಲ" ಅಂದರು. ಹೋಗಿ ನೋಡಿದೆ. ಈ ಸಲ ಸೆಟ್ಟಿಂಗ್‌ನಲ್ಲೇ ಎರಡನೇ ಸಿಮ್ ಹೆಸರು ಕೂತಿತ್ತು. ಅದರ ಕೆಳಗಿನ ಸಾಲು ನೋಡಿದಾಗ ವಿಷಯ ಹೊಳೆಯಿತು. ಕರೆಗೆ ಮತ್ತು ಮೆಸೇಜಿಗೆ ಇಟ್ಟಿದ್ದ ಆಯ್ಕೆಗಳೂ ಎರಡನೇ ಸಿಮ್‌ಗೆ ಬದಲಾಗಿದ್ದವು. ಮೂರೂ ಒಟ್ಟಿಗೆ ಬದಲಾಗುವುದು ಬೆರಳು ತಾಗಿ ಆಗುವ ಕೆಲಸ ಅಲ್ಲ. ಫೋನಿಗೆ ಸ್ವಲ್ಪ ಹೊತ್ತು ಒಂದೇ ಸಿಮ್ ಕಂಡಿತ್ತು, ಅಷ್ಟೆ.

ಹೇಗೆಂದರೆ, ಒಂದನೇ ಸಿಮ್‌ನ ಚಿನ್ನದ ಬಣ್ಣದ ತಗಡು ಫೋನಿನ ಒಳಗಿನ ಮುಳ್ಳುಗಳಿಗೆ ಸರಿಯಾಗಿ ತಾಗದೆ ಒಂದೆರಡು ಸೆಕೆಂಡ್ ತಪ್ಪಿದರೂ, ಸಿಮ್ ತೆಗೆದರು ಎಂದು ಫೋನ್ ತಿಳಿಯುತ್ತದೆ. ಉಳಿದಿರುವುದು ಒಂದೇ ಸಿಮ್. ಹಾಗಾಗಿ ಡೇಟಾ, ಕರೆ, ಮೆಸೇಜು ಎಲ್ಲವನ್ನೂ ಅದಕ್ಕೇ ಬರೆದುಕೊಳ್ಳುತ್ತದೆ. ಒಂದನೇ ಸಿಮ್ ಮತ್ತೆ ತಾಗಿದಾಗ ಹೊಸ ಸಿಮ್ ಬಂತು ಎಂದುಕೊಳ್ಳುತ್ತದೆ. ಆಗ ಡೇಟಾಕ್ಕೆ ಯಾವ ಸಿಮ್ ಬೇಕು ಎಂದು ಒಂದು ಕಿಟಕಿ ತೆರೆದು ಕೇಳಬಹುದು. ಜೇಬಿನಲ್ಲಿದ್ದಾಗ ಕೇಳಿದರೆ ಯಾರು ನೋಡುತ್ತಾರೆ? ಹೊಸ ಆಯ್ಕೆಯೇ ಉಳಿದುಬಿಡುತ್ತದೆ. ಇದು ತಾತ್ಕಾಲಿಕ ಅಲ್ಲವಾದ್ದರಿಂದ ತಾನಾಗೇ ವಾಪಸ್ ಬರುವುದೂ ಇಲ್ಲ.

ಅತ್ತಿಗೆಗೆ ಕೇಳಿದೆ, ಸಿಮ್ ಇಲ್ಲ ಎಂದು ಯಾವಾಗಲಾದರೂ ತೋರಿಸಿತ್ತಾ ಎಂದು. "ಬಸ್ಸಿನಲ್ಲಿ ಮಂಡಗದ್ದೆ ಹತ್ತಿರ ಒಂದೆರಡು ಸಲ ಏನೋ ಬಂದಿತ್ತು, ಟವರ್ ಇಲ್ಲ ಅಂತ ಸುಮ್ಮನಾದೆ" ಎಂದರು. ಟವರ್ ಇಲ್ಲದಿರುವುದಕ್ಕೂ ಸಿಮ್ ಇಲ್ಲದಿರುವುದಕ್ಕೂ ಫೋನ್ ಬೇರೆ ಬೇರೆ ಮಾತು ಬಳಸುತ್ತದೆ. ಟವರ್ ಇಲ್ಲದಿದ್ದರೆ `No service` ಎಂದು ಬರುತ್ತದೆ. ಕಾರ್ಡೇ ಕಾಣದಿದ್ದರೆ `No SIM` ಎಂದು. ಬಸ್ಸಿನ ಕುಲುಕಾಟಕ್ಕೆ ಅವರ ಸಿಮ್ ತಪ್ಪುತ್ತಿತ್ತು.

ತಪ್ಪು ಕಾರ್ಡಿನದೋ ಫೋನಿನದೋ ಎಂದು ತಿಳಿಯಲು ಸುಲಭದ ದಾರಿ ಇದೆ. ಫೋನ್ ಆಫ್ ಮಾಡಿ ಟ್ರೇ ತೆಗೆದೆ. ಎರಡೂ ಕಾರ್ಡುಗಳ ತಗಡನ್ನು ಒಣ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಆಮೇಲೆ ಜಾಗ ಬದಲಿಸಿ ಹಾಕಿದೆ, ಒಂದನೆಯದನ್ನು ಎರಡರಲ್ಲಿ, ಎರಡನೆಯದನ್ನು ಒಂದರಲ್ಲಿ. ಡೇಟಾವನ್ನು ಮತ್ತೆ ಅದೇ ಡೇಟಾ ಸಿಮ್‌ಗೆ ಆರಿಸಿ ಕೊಟ್ಟೆ. ಮೂರು ದಿನದಲ್ಲಿ ಅದೇ ಸಿಮ್ ಮತ್ತೆ ಕಾಣೆಯಾಯಿತು. ಜಾಗ ಬದಲಾದರೂ ತೊಂದರೆ ಕಾರ್ಡಿನ ಹಿಂದೆಯೇ ಹೋಯಿತು. ಅಂದರೆ ಕಾರ್ಡು ಸವೆದಿದೆ. ಬೇರೆ ಕಾರ್ಡು ಹಾಕಿದರೂ ಅದೇ ಜಾಗದಲ್ಲಿ ಕಾಣೆಯಾಗಿದ್ದರೆ ಟ್ರೇಯೋ ಒಳಗಿನ ಮುಳ್ಳೋ ಕೆಟ್ಟಿದೆ ಎಂದಾಗುತ್ತಿತ್ತು. ಕಾರ್ಡನ್ನು ತೆಗೆದು ನೋಡಿದಾಗ ಅದು ಹಳೇ ದೊಡ್ಡ ಸಿಮ್, ಅಂಗಡಿಯಲ್ಲಿ ಕತ್ತರಿಸಿ ಸಣ್ಣದು ಮಾಡಿಸಿದ್ದು. ಹಳೇ ಕಾರ್ಡು ಈಗಿನ ನ್ಯಾನೋ ಕಾರ್ಡಿಗಿಂತ ಸ್ವಲ್ಪ ದಪ್ಪ ಇರುತ್ತದೆ, ಕತ್ತರಿಸಿದ ಅಂಚೂ ನೇರ ಇರುವುದಿಲ್ಲ. ನಿಮ್ಮದೂ ಹಾಗೇ ಕತ್ತರಿಸಿದ್ದೋ ಎಂದು ಮೊದಲು ನೋಡಿ.

ಕಂಪನಿಯ ಅಂಗಡಿಗೆ ಹೋಗಿ ಗುರುತಿನ ಚೀಟಿ ಕೊಟ್ಟರೆ ಅದೇ ನಂಬರಿಗೆ ಹೊಸ ಕಾರ್ಡು ಕೊಡುತ್ತಾರೆ. ಆದರೆ ಎರಡು ವಿಷಯ ಮೊದಲೇ ತಿಳಿದಿರಲಿ. ಹೊಸ ಕಾರ್ಡು ಚಾಲೂ ಆದ ಮೇಲೆ 24 ಗಂಟೆ ಆ ನಂಬರಿಗೆ ಎಸ್‌ಎಂಎಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಬೇರೆಯವರು ನಿಮ್ಮ ಹೆಸರಿನಲ್ಲಿ ಸಿಮ್ ತೆಗೆದು ಓಟಿಪಿ ಕದಿಯದಿರಲಿ ಎಂದು ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಅದು. ಜೊತೆಗೆ ಆ ನಂಬರಿನಲ್ಲಿ ಯುಪಿಐ ಇದ್ದರೆ ಸಿಮ್ ಬದಲಾಗಿದ್ದನ್ನು ಆ್ಯಪ್ ಗುರುತಿಸಿ ಮತ್ತೆ ನೋಂದಣಿ ಕೇಳಬಹುದು. ಹಾಗಾಗಿ ಕರೆಂಟ್ ಬಿಲ್ಲೋ ಮಕ್ಕಳ ಫೀಸೋ ಕಟ್ಟುವ ದಿನದ ಮುಂಚೆ ಈ ಕೆಲಸ ಇಟ್ಟುಕೊಳ್ಳಬೇಡಿ.

ಕಾರ್ಡು ಸರಿಯಾಗಿದ್ದೂ ಇದೇ ಫಲ ಬರುವ ಇನ್ನೊಂದು ದಾರಿ ಇದೆ. ನೆಟ್ ನಿಧಾನ ಆಯಿತೆಂದು ಕೆಲವರು ಸೆಟ್ಟಿಂಗ್‌ನಲ್ಲಿ ಒಂದನೇ ಸಿಮ್ ಅನ್ನೇ ಆಫ್ ಮಾಡಿ ಆನ್ ಮಾಡುತ್ತಾರೆ. ಆಗಲೂ ಫೋನಿಗೆ ಸ್ವಲ್ಪ ಹೊತ್ತು ಒಂದೇ ಸಿಮ್ ಕಾಣುತ್ತದೆ, ಆಯ್ಕೆಗಳೆಲ್ಲ ಅದಕ್ಕೆ ಹೋಗಬಹುದು. ಸಿಗ್ನಲ್ ಹೊಸದಾಗಿ ಹಿಡಿಸಬೇಕಾದರೆ ವಿಮಾನ ಮೋಡ್ ಹಾಕಿ ಹತ್ತು ಸೆಕೆಂಡ್ ಬಿಟ್ಟು ತೆಗೆಯಿರಿ. ಅದರಲ್ಲಿ ಕಾರ್ಡುಗಳು ಕಾಣೆಯಾಗುವುದಿಲ್ಲ, ಆಯ್ಕೆ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಎರಡನೇ ಸಿಮ್‌ಗೆ ಒಂದು ಬೀಗ ಹಾಕುವುದು ಒಳ್ಳೆಯದು. ಯಾಕೆಂದರೆ ಯಾವತ್ತಾದರೂ ಡೇಟಾ ಹಾರಿದರೆ, ಅದರಲ್ಲಿ ಮುಖ್ಯ ಬ್ಯಾಲೆನ್ಸ್ ಇದ್ದರೆ ಕಡಿತ ಆಗಬಹುದು. ಡೇಟಾ ಇಲ್ಲದೆ ಬರೀ ಕರೆ ಮತ್ತು ಎಸ್‌ಎಂಎಸ್‌ನ ಪ್ಯಾಕ್ ಕೊಡಲೇಬೇಕು ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಹೇಳಿತು. ನಿಮ್ಮ ಹಾಗೆ ಎರಡನೇ ನಂಬರು ಉಳಿಸಿಕೊಂಡವರಿಗೆ ಅದು ನಿಜಕ್ಕೂ ಉಪಕಾರ. ಆದರೆ ಪ್ಯಾಕ್‌ನಲ್ಲಿ ಡೇಟಾ ಇಲ್ಲ ಎಂದ ಮಾತ್ರಕ್ಕೆ ಆ ಸಿಮ್‌ನಲ್ಲಿ ಡೇಟಾ ಸೇವೆಯೇ ಬಂದ್ ಆಗಿದೆ ಎಂದಲ್ಲ. ಬಂದ್ ಮಾಡಿಸಲು ಆ ಸಿಮ್‌ನಿಂದಲೇ 1925ಕ್ಕೆ ಈ ಮೆಸೇಜು ಕಳಿಸಬೇಕು:

```
STOP
```

ಇದಕ್ಕೆ ದುಡ್ಡಿಲ್ಲ. ಮತ್ತೆ ಬೇಕಾದಾಗ ಇದೇ ನಂಬರಿಗೆ `START` ಕಳಿಸಿದರಾಯಿತು. ಕಳಿಸುವ ಮುಂಚೆ ಮೆಸೇಜ್ ಬರೆಯುವ ಜಾಗದ ಪಕ್ಕ ಯಾವ ಸಿಮ್ ಗುರುತಿದೆ ಎಂದು ಎರಡು ಸಲ ನೋಡಿ. ಒಂದನೇ ಸಿಮ್‌ನಿಂದ ಹೋದರೆ ನಿಮ್ಮ 2 ಜಿಬಿಯೇ ನಿಲ್ಲುತ್ತದೆ. ಉತ್ತರ ಬಂದ ಮೇಲೆ ಎರಡನೇ ಸಿಮ್‌ನಿಂದ ಒಂದು ಕರೆ ಮಾಡಿ, ಮಾತು ಸರಿಯಾಗಿ ಹೋಗುತ್ತದೆಯೇ ನೋಡಿಕೊಳ್ಳಿ.

ಫೋನಿನಲ್ಲೇ ಹಾಕುವ ಬೀಗವೂ ಇದೆ. ಎರಡನೇ ಸಿಮ್‌ನ ಪುಟದಲ್ಲಿ `Data warning & limit` ಎಂದಿದ್ದರೆ ಅದರೊಳಗೆ ಮಿತಿ ಆನ್ ಮಾಡಿ, ಆದಷ್ಟು ಚಿಕ್ಕ ಸಂಖ್ಯೆ ಕೊಡಿ. ಅಷ್ಟು ಖರ್ಚಾದ ಕೂಡಲೇ ಆ ಸಿಮ್‌ನ ಡೇಟಾವನ್ನು ಫೋನ್ ತಾನೇ ನಿಲ್ಲಿಸುತ್ತದೆ. ಇಂಟರ್ನೆಟ್ಟಿಗೆ ಯಾವ ಬಾಗಿಲಿನಿಂದ ಹೋಗಬೇಕು ಎಂದು ಸಿಮ್ ಕಂಪನಿಗೆ ತಿಳಿಸುವ ಹೆಸರು ಎಪಿಎನ್. ಎರಡನೇ ಸಿಮ್‌ನ ಎಪಿಎನ್ ಹೆಸರನ್ನು ಬೇಕೆಂದೇ ತಪ್ಪಾಗಿ ಬರೆದರೆ ಡೇಟಾ ಬರುವುದಿಲ್ಲ ಎಂದು ಕೆಲವರು ಹೇಳಿಕೊಡುತ್ತಾರೆ. ಅದನ್ನು ಮಾಡಬೇಡಿ. 4ಜಿಯಲ್ಲಿ ಸಿಮ್ ಟವರಿಗೆ ಹಾಜರಿ ಹಾಕುವಾಗಲೇ ಆ ಹೆಸರನ್ನೂ ಹೇಳಬೇಕಾಗಬಹುದು. ಹೆಸರು ತಪ್ಪಿದರೆ ಜಾಲವು ಹಾಜರಿಯನ್ನೇ ಒಪ್ಪದಿರಬಹುದು, ಆಗ ಡೇಟಾ ಜೊತೆಗೆ 4ಜಿ ಕರೆಯೂ ಹೋಗುತ್ತದೆ. ಕೆಲವು ಜಾಲಗಳು ತಪ್ಪನ್ನು ತಾವೇ ತಿದ್ದಿಕೊಂಡು ಡೇಟಾ ಕೊಟ್ಟುಬಿಡುತ್ತವೆ. ಎರಡರಲ್ಲಿ ಯಾವುದಾದರೂ ನಿಮಗೆ ಲಾಭ ಇಲ್ಲ.

ನೀವು ಬ್ಯಾಂಕಿನ ನಂಬರು ಎಂದಿದ್ದರಿಂದ ಒಂದು ಮಾತು. ಯುಪಿಐ ಮಾಡುವಾಗ ಬ್ಯಾಂಕಿನ ಸಿಮ್‌ನಲ್ಲೇ ಡೇಟಾ ಇರಬೇಕು ಎಂದು ನಂಬಿ, ಪ್ರತಿ ಸಲ ಡೇಟಾ ಬದಲಾಯಿಸಿ ಮರೆಯುವವರು ಬಹಳ ಇದ್ದಾರೆ. ಹಾಗೆ ಬೇಕಾಗಿಲ್ಲ. ನೋಂದಣಿ ಮಾಡುವಾಗ ಆ ಸಿಮ್‌ನಿಂದ ಒಂದು ಎಸ್‌ಎಂಎಸ್ ಹೋಗಬೇಕು, ಅಷ್ಟೆ. ಆಮೇಲೆ ಡೇಟಾ ಯಾವ ಸಿಮ್‌ನದ್ದಾದರೂ ಆಗುತ್ತದೆ, ವೈಫೈ ಕೂಡ ಆಗುತ್ತದೆ. ಓಟಿಪಿಯೂ ಎಸ್‌ಎಂಎಸ್ ಆಗಿ ಬರುವುದರಿಂದ ಅದಕ್ಕೆ ಡೇಟಾ ಬೇಡ. ಆದರೆ ದುಡ್ಡು ಕಳಿಸುತ್ತಿರುವಾಗಲೇ ಡೇಟಾ ಒಂದರಿಂದ ಇನ್ನೊಂದಕ್ಕೆ ಹಾರಿದರೆ ನಡೆಯುತ್ತಿದ್ದ ಸಂಪರ್ಕ ಕಡಿದು, ಆ್ಯಪ್ ಸುತ್ತುತ್ತಲೇ ಉಳಿಯಬಹುದು. ಆಗ ಮತ್ತೊಮ್ಮೆ ಕಳಿಸಬೇಡಿ. ಮೊದಲು ಆ್ಯಪ್‌ನ ಹಳೆಯ ವ್ಯವಹಾರಗಳ ಪಟ್ಟಿಯಲ್ಲಿ ಅದು ಹೋಗಿದೆಯೋ ಇಲ್ಲವೋ ನೋಡಿ.

ಐಫೋನ್ ಇರುವವರಿಗೆ, ಅದರಲ್ಲೂ ದುಬೈ, ಅಮೆರಿಕದಲ್ಲಿ ಊರಿನ ಸಿಮ್ ಅನ್ನು ಓಟಿಪಿಗೆಂದು ಇಟ್ಟುಕೊಂಡಿರುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಮೊಬೈಲ್ ಡೇಟಾ ಪುಟದಲ್ಲಿ ಸಿಮ್‌ಗಳ ಹೆಸರಿನ ಕೆಳಗೆ `Allow Mobile Data Switching` ಎಂದಿರುತ್ತದೆ. ಅಮೆರಿಕದ ಫೋನಿನಲ್ಲಿ `Mobile` ಬದಲು `Cellular` ಎಂದಿರುತ್ತದೆ. ಐಫೋನಿನಲ್ಲಿ ಕರೆಯ ಹೊತ್ತಿನ ಹಾರಾಟಕ್ಕೂ ಇದೇ ಒಂದು ಸ್ವಿಚ್. ಅದನ್ನು ಆಫ್ ಮಾಡಿ. ಊರಿನ ಸಿಮ್‌ನ ಪುಟಕ್ಕೆ ಹೋಗಿ `Data Roaming` ಅನ್ನೂ ಆಫ್ ಮಾಡಿ. ಅಲ್ಲಿ ಒಂದು ಸಲ ತಪ್ಪಿ ಹಾರಿದರೂ ರೋಮಿಂಗ್ ಡೇಟಾದ ದರ ಬೀಳುತ್ತದೆ, ಆದ್ದರಿಂದ ಎರಡೂ ಬೇಕು.

ಕೊನೆಗೆ, ಎಲ್ಲ ಸರಿಯಾಯಿತೇ ಎಂದು ಪರೀಕ್ಷೆ ಮಾಡುವುದು ಹೇಗೆ. ಒಂದನೇ ಸಿಮ್ ಆಫ್ ಮಾಡಿ ನೋಡಬೇಡಿ, ಆಗ ಆಯ್ಕೆಯೇ ಬದಲಾಗುತ್ತದೆ ಎಂದು ಆಗಲೇ ಹೇಳಿದೆ. ಅದರ ಬದಲು ಒಂದನೇ ಸಿಮ್‌ಗೆ ಟವರ್ ಮಾತ್ರ ತಪ್ಪಿಸಬೇಕು. ಅದರ ಪುಟದಲ್ಲಿ `Automatically select network` ಎನ್ನುವುದನ್ನು ಆಫ್ ಮಾಡಿ. ಫೋನ್ ಸ್ವಲ್ಪ ಹೊತ್ತು ಹುಡುಕಿ ಸುತ್ತಲಿನ ಕಂಪನಿಗಳ ಪಟ್ಟಿ ತೋರಿಸುತ್ತದೆ. ನಿಮ್ಮದಲ್ಲದ ಕಂಪನಿಯನ್ನು ಆರಿಸಿ. ಸಾಮಾನ್ಯವಾಗಿ ಅವರು ಸೇರಿಸಿಕೊಳ್ಳುವುದಿಲ್ಲ, ಒಂದನೇ ಸಿಮ್‌ಗೆ ಟವರ್ ಇಲ್ಲದಂತಾಗುತ್ತದೆ. ಕಾಡಿನ ತಿರುವಿನಲ್ಲಿ ಆಗುವುದೂ ಇದೇ. ಎರಡು ಮೂರು ನಿಮಿಷ ಕಾಯಿರಿ. ಎರಡನೇ ಸಿಮ್‌ನ ಪಕ್ಕ ಡೇಟಾದ ಗುರುತು ಬರದಿದ್ದರೆ ಸಿಗ್ನಲ್ ಹೋದಾಗ ಹಾರಿಸುವ ಸ್ವಿಚ್ ನಿಜವಾಗಿ ಆಫ್ ಆಗಿದೆ. ಬಂದರೆ ಆ ಸ್ವಿಚ್ ಇನ್ನೂ ಎಲ್ಲೋ ಆನ್ ಉಳಿದಿದೆ, ಮತ್ತೆ ಹುಡುಕಿ. ಪರೀಕ್ಷೆ ಮುಗಿದ ಮೇಲೆ ಆ ಆಯ್ಕೆಯನ್ನು ಮರೆಯದೆ ಆನ್ ಮಾಡಿ, ಇಲ್ಲದಿದ್ದರೆ ಒಂದನೇ ನಂಬರಿಗೆ ಕರೆಯೂ ಬರುವುದಿಲ್ಲ.

ಇದರ ಜೊತೆಗೆ ಇವತ್ತು ರಾತ್ರಿ ಎರಡನೇ ಸಿಮ್‌ನ ಪುಟದಲ್ಲಿ ಈ ತಿಂಗಳು ಎಷ್ಟು ಡೇಟಾ ಖರ್ಚಾಗಿದೆ ಎಂದು ನೋಡಿ, ಒಂದು ಚೀಟಿಯಲ್ಲಿ ಬರೆದಿಡಿ. ಒಂದು ವಾರ ಬಿಟ್ಟು ಮತ್ತೆ ನೋಡಿ. ಸಂಖ್ಯೆ ಅಷ್ಟೇ ಇದ್ದರೆ ಕೆಲಸ ಆಗಿದೆ. ಹೆಚ್ಚಿದ್ದರೆ, ಡೀಫಾಲ್ಟ್ ಸಿಮ್ ಹೆಸರು ಹಾಗೇ ಇದೆಯೋ ಬದಲಾಗಿದೆಯೋ ಎಂದು ನೋಡಿ ನನಗೆ ಬರೆಯಿರಿ. ಸಿಮ್ ಕಾರ್ಡು ಕತ್ತರಿಸಿದ್ದೋ, ಅಂಗಡಿಯಿಂದ ಬಂದದ್ದೇ ಸಣ್ಣದೋ ಎನ್ನುವುದನ್ನೂ, ಫೋನಿನ ಮಾದರಿಯನ್ನೂ ಬರೆದರೆ ಮುಂದೆ ಯಾವ ಕಡೆ ಹುಡುಕಬೇಕು ಎಂದು ಹೇಳುತ್ತೇನೆ.